ಹತ್ತು ಸಾವಿರ ಸಬ್‌ಸ್ಕ್ರೈಬರ್ಸ್ ಆಯ್ತಾ? ಥ್ಯಾಂಕ್ಸ್ ವಿಡಿಯೋದಲ್ಲಿ ನಂಬರ್ ಬಿಟ್ಟು ಒಂದು ಪಾಠ ಹೇಳೋದು ಹೇಗೆ

ಹತ್ತು ಸಾವಿರ ಆದ ಕೂಡ್ಲೇ ಹಾಕೋ ವಿಡಿಯೋ ಹೇಗಿರುತ್ತೆ ಅಂತ ಎಲ್ರಿಗೂ ಗೊತ್ತು. ಮೊಬೈಲ್ ಸ್ಕ್ರೀನಲ್ಲಿ ನಂಬರ್ ಬದಲಾಗೋದು, ಒಂದು ಕೇಕು, ಹಿಂದೆ ಜೋರು ಮ್ಯೂಸಿಕ್ಕು, "ನಿಮ್ಮ ಪ್ರೀತಿಗೆ ಚಿರಋಣಿ, ಹೀಗೇ ಸಪೋರ್ಟ್ ಮಾಡ್ತಿರಿ" ಅಂತ ಮುಗೀತು. ಅದನ್ನ ಪೂರ್ತಿ ನೋಡೋದು ಮನೆಯವ್ರು, ಊರವ್ರು, ನಾಕು ಜನ ಫ್ರೆಂಡ್ಸು. ಕೊಳೆ ರೋಗಕ್ಕೆ ಔಷಧಿ ಹೊಡೆಯೋದು ಹೇಗೆ ಅಂತ ಹುಡುಕ್ಕೊಂಡು ಬಂದು ನಿಮ್ಮ ಚಾನೆಲ್ ಸಬ್‌ಸ್ಕ್ರೈಬ್ ಮಾಡಿದ ಹೊಸನಗರದ ತೋಟದವ್ರಿಗೆ ಆ ಕೇಕಿಂದ ಎಂತ ಸಿಗುತ್ತೆ ಹೇಳಿ. ಅವ್ರಿಗೆ ಥ್ಯಾಂಕ್ಸ್ ಹೇಳ್ಬೇಕು ಅಂದ್ರೆ ಅವ್ರಿಗೆ ಉಪಯೋಗ ಆಗೋದು ಏನಾದ್ರೂ ಕೊಡ್ಬೇಕು, ಅದೂ ಅವ್ರಿಂದಲೇ ನೀವು ಕಲಿತದ್ದು ಆಗಿದ್ರೆ ಇನ್ನೂ ಚೆಂದ.

ನಾನು ಶಿವಮೊಗ್ಗದಲ್ಲಿ ಕೂತು ನಮ್ಮ ಕಡೆ ಚಾನೆಲ್‌ಗಳಿಗೆ ವಿಡಿಯೋ ಎಡಿಟ್ ಮಾಡೋನು, ಹಾಗಾಗಿ ಹೆಂಗೆ ಮಾಡೋದು ಅಂತ ಒಂದೇ ಉದಾಹರಣೆ ಹಿಡ್ಕೊಂಡು ಮೊದಲಿಂದ ಕೊನೆವರೆಗೆ ಹೇಳ್ತೀನಿ. ಒಂದು ಚಾನೆಲ್ ಅಂದ್ಕೊಳ್ಳಿ, ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಹುಡುಗ ನಡೆಸೋದು. ಹತ್ತು ಸಾವಿರ ಆಗಿದೆ, ಅವನ ಚಾನೆಲ್‌ನಲ್ಲಿ ಜಾಸ್ತಿ ಓಡಿರೋದು ಬೋರ್ಡೋ ದ್ರಾವಣ ಮಾಡೋ ವಿಡಿಯೋ, ಅಡಿಕೆ ಕೊಳೆ ರೋಗಕ್ಕೆ ಹೊಡೆಯೋ ಮೈಲುತುತ್ತ ಸುಣ್ಣದ ಔಷಧಿ ಅದು. ನಿಮ್ಮದು ಅಡುಗೆ ಚಾನೆಲ್ಲೋ ಬೈಕ್ ಚಾನೆಲ್ಲೋ ಆಗಿದ್ರೂ ದಾರಿ ಇದೇ.

ಮೊದ್ಲು, ಅರ್ಜೆಂಟ್ ಮಾಡ್ಬೇಡಿ

ಅದೇ ದಿನ ರಾತ್ರಿನೇ ಹಾಕ್ಬೇಕು ಅನ್ನೋ ಗಡಿಬಿಡಿ ತುಂಬ ಜನಕ್ಕೆ. ಸಾವಿರ ದಾಟಿದ ಮೇಲೆ ಯೂಟ್ಯೂಬ್ ಹೊರಗಿನವ್ರಿಗೆ ಸರಿಯಾದ ಲೆಕ್ಕ ತೋರ್ಸೋದೇ ಇಲ್ಲ, 12,345 ಇದ್ರೆ ಅವ್ರಿಗೆ ಕಾಣೋದು 12.3 ಸಾವಿರ ಅಂತ ಅಷ್ಟೆ. ಪೂರ್ತಿ ಲೆಕ್ಕ ಕಾಣೋದು ಸ್ಟುಡಿಯೋ ಆಪ್‌ನಲ್ಲಿ, ನಿಮಗೆ ಮಾತ್ರ. ಅಂದ್ಮೇಲೆ ನಂಬರ್ ಯಾವ ಗಳಿಗೇಲಿ ದಾಟ್ತು ಅಂತ ಕಾಯ್ಕೊಂಡು ಕೂತಿರೋದು ನೀವೊಬ್ರೇ. ಒಂದೆರಡು ವಾರ ಆಚೆ ಹಾಕಿದ್ರೂ ಏನೂ ಆಗಲ್ಲ, ಆ ಟೈಮು ಪಾಠ ಹುಡುಕೋಕೆ ಬೇಕು.

ಪಾಠ ಎಲ್ಲಿ ಸಿಗುತ್ತೆ

ತಲೆಯೊಳಗೆ ಹುಡುಕಬೇಡಿ. ತಲೆಯೊಳಗೆ ಹುಡುಕಿದ್ರೆ ಬರೋದು "ಛಲ ಬಿಡಬಾರ್ದು", "ಕನ್ಸಿಸ್ಟೆಂಟ್ ಆಗಿರ್ಬೇಕು" ಇಂಥದ್ದೇ, ಅದು ಯಾರು ಬೇಕಾದ್ರೂ ಹೇಳಬಹುದಾದ ಮಾತು. ನೋಡ್ಬೇಕಾಗಿರೋದು ಎರಡು ಜಾಗ.

ಒಂದು ಕಾಮೆಂಟ್ಸು. ಯೂಟ್ಯೂಬ್ ಸ್ಟುಡಿಯೋದಲ್ಲಿ ಕಾಮೆಂಟ್ಸ್ ತೆಗೆದು, ಫಿಲ್ಟರ್‌ನಲ್ಲಿ ಪ್ರಶ್ನೆ ಇರೋ ಕಾಮೆಂಟ್ ಮಾತ್ರ ತೋರ್ಸೋ ಆಯ್ಕೆ ಇದೆ, ಅದನ್ನ ಹಾಕಿ. ಅದು ಕನ್ನಡ ಕಾಮೆಂಟ್‌ಗಳನ್ನ ಎಲ್ಲಾನೂ ಹಿಡಿಯುತ್ತೆ ಅಂತ ನಂಬ್ಕೋಬೇಡಿ, ನಮ್ಮ ಜನ ಪ್ರಶ್ನಾರ್ಥಕ ಚಿಹ್ನೆನೇ ಹಾಕಲ್ಲ, ಅದಕ್ಕೆ ಜಾಸ್ತಿ ಓಡಿದ ಎರಡ್ಮೂರು ವಿಡಿಯೋದ ಕೆಳಗೆ ಕೈಯಾರೆ ಓದಿ. ಸೂಪರ್ ಬ್ರೋ, ಹೂವು, ಕೈಮುಗಿಯೋ ಎಮೋಜಿ, ಇವೆಲ್ಲ ದಾಟ್ಕೊಂಡು ಹೋಗಿ. ಒಂದು ನೋಟ್‌ಬುಕ್ ಇಟ್ಕೊಂಡು, ಮತ್ತೆ ಮತ್ತೆ ಬರೋ ಪ್ರಶ್ನೆ ಯಾವ್ದು ಅಂತ ಬರೀರಿ, ಮುಖ್ಯವಾಗಿ ವಿಡಿಯೋದಲ್ಲಿ ಉತ್ತರ ಇದ್ರೂ ಜನ ಮತ್ತೆ ಕೇಳ್ತಿರೋ ಪ್ರಶ್ನೆ. ಹೇಳಿದ್ದನ್ನೇ ಕೇಳ್ತಾರೆ ಅಂದ್ರೆ ಒಂದೋ ಹೇಳಿದ್ದು ಕೇಳಿಸಿಲ್ಲ, ಇಲ್ಲ ಹೇಳಿದ್ದು ಅವರ ತೋಟದಲ್ಲಿ ಕೆಲಸ ಮಾಡ್ಲಿಲ್ಲ. ಎರಡನೇದು ಆಗಿದ್ರೆ ಅಲ್ಲೇ ನಿಮ್ಮ ಪಾಠ ಇದೆ.

ನಮ್ಮ ಹುಡುಗನ ವಿಡಿಯೋದಲ್ಲಿ ಅಳತೆ ಸರಿಯಾಗೇ ಹೇಳಿದಾನೆ. ಶೇಕಡಾ 1ರ ಬೋರ್ಡೋಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಆದ್ರೂ ಕೆಳಗೆ "ಅಣ್ಣ ಸುಣ್ಣ ಎಷ್ಟು ಹಾಕ್ಬೇಕು" ಅಂತ ಸಾಲುಸಾಲು. ಮೈಲುತುತ್ತ ಎಷ್ಟು ಅಂತ ಯಾರೂ ಕೇಳ್ತಿಲ್ಲ, ನೀರು ಎಷ್ಟು ಅಂತಾನೂ ಕೇಳ್ತಿಲ್ಲ, ಬರೀ ಸುಣ್ಣ. ಅದರ ಮಧ್ಯ ಒಬ್ಬ ಹಿರಿಯರು ಬರ್ದಿದಾರೆ, "ಕೆಜಿ ಲೆಕ್ಕ ನಂಬಬೇಡ ತಮ್ಮಾ, ಕತ್ತಿ ಅದ್ದಿ ನೋಡು, ಕೆಂಪಾದ್ರೆ ಸುಣ್ಣ ಸಾಲ್ಲಿಲ್ಲ ಅಂತ ಲೆಕ್ಕ". ಲೈಕು ಇಲ್ಲ, ರಿಪ್ಲೈ ಇಲ್ಲ, ಅದರ ಪಾಡಿಗೆ ಅಲ್ಲೇ ಬಿದ್ದಿದೆ.

ಎರಡನೇ ಜಾಗ ರಿಟೆನ್ಷನ್ ಗ್ರಾಫು, ಅಂದ್ರೆ ಯಾವ ಗಳಿಗೇಲಿ ಎಷ್ಟು ಜನ ನೋಡ್ತಿದ್ರು ಅಂತ ತೋರ್ಸೋ ಗೆರೆ, ವಿಡಿಯೋದ ಅನಲಿಟಿಕ್ಸ್ ಒಳಗೆ ಸಿಗುತ್ತೆ. ಗೆರೆ ಸಾಮಾನ್ಯವಾಗಿ ಇಳೀತಾ ಹೋಗುತ್ತೆ, ನಡುವೆ ಎಲ್ಲಾದ್ರೂ ಮೇಲೆ ಎದ್ದಿದ್ರೆ ಆ ಜಾಗ ಜನ ವಾಪಸ್ ಹೋಗಿ ಮತ್ತೆ ನೋಡಿದಾರೆ, ಇಲ್ಲ ನೇರ ಅಲ್ಲಿಗೇ ಹಾರಿ ಬಂದಿದಾರೆ ಅಂತ. ಮೇಲೆದ್ದಿದ್ದೆಲ್ಲ ಒಳ್ಳೇದೇ ಅಂದ್ಕೋಬೇಡಿ. ಮಾತು ಸ್ಪಷ್ಟ ಕೇಳಿಸ್ದೇ ಇದ್ರೂ ಜನ ಹಿಂದಕ್ಕೆ ಹೋಗ್ತಾರೆ, ಹಾಗಾಗಿ ಆ ಜಾಗನ ಇಯರ್‌ಫೋನ್ ಹಾಕ್ಕೊಂಡು ಒಂದ್ಸಲ ಕೇಳಿ. ನಮ್ಮ ಉದಾಹರಣೇಲಿ ಗೆರೆ ಎದ್ದಿರೋದು ಎರಡೂ ನೀರು ಸೇರ್ಸೋ ಜಾಗದಲ್ಲಿ, ಮಾತೂ ಚೆನ್ನಾಗೇ ಕೇಳುತ್ತೆ. ಕಾಮೆಂಟ್ಸು, ಗ್ರಾಫು ಎರಡೂ ಒಂದೇ ಕಡೆ ಬೆರಳು ಮಾಡ್ತಿವೆ ಅಂದ್ರೆ ಪಾಠ ಸಿಕ್ತು. ವಿಡಿಯೋ ನೂರಿನ್ನೂರು ಜನ ಮಾತ್ರ ನೋಡಿದ್ರೆ ಗ್ರಾಫ್ ಬಿಟ್ಟಾಕಿ, ಅಷ್ಟು ಕಮ್ಮಿ ಜನಕ್ಕೆ ಒಬ್ರು ಹಿಂದೆಮುಂದೆ ಎಳೆದ್ರೂ ಗೆರೆ ಕುಣಿಯುತ್ತೆ. ಆಗ ಕಾಮೆಂಟ್ಸೇ ಗತಿ.

ಪಾಠ ಆಗುತ್ತಾ ಇಲ್ವಾ ಅಂತ ಪರೀಕ್ಷೆ

ಈ ವಾಕ್ಯ ತುಂಬಿ ನೋಡಿ: "ಮುಂಚೆ ___ ಮಾಡ್ತಿದ್ದೆ, ಆಮೇಲೆ ___ ಹೇಳಿದ್ರು, ಈಗ ___ ಮಾಡ್ತೀನಿ."

ಮೂರೂ ಜಾಗ ತುಂಬ್ಬೇಕು. ಮೊದಲನೇದು, ಕೊನೇದು ತುಂಬೋದು ಸುಲಭ, ಸಿಕ್ಕಿಹಾಕ್ಕೊಳ್ಳೋದು ನಡುವಿನದು. ನಡುವೆ ಒಬ್ಬ ಮನುಷ್ಯ ಇಲ್ಲ ಅಂದ್ರೆ ಅದು ಮಾಮೂಲಿ ಮಾಹಿತಿ ವಿಡಿಯೋ, ಬೇರೆ ದಿನ ಹಾಕಿ. ನೋಡುಗರಲ್ಲಿ ಒಬ್ರು ನಿಮ್ಮ ಕೆಲಸನ ಬದಲಾಯಿಸಿದ್ರು ಅನ್ನೋದನ್ನ ತೋರ್ಸಿದ್ರೆ ಥ್ಯಾಂಕ್ಸ್ ಬೇರೆ ಹೇಳೋದೇ ಬೇಕಾಗಲ್ಲ, ಅದರೊಳಗೇ ಬಂದಿರುತ್ತೆ. ನಮ್ಮ ಹುಡುಗಂದು: ಮುಂಚೆ ಕೆಜಿ ನೋಡಿ ಸುಣ್ಣ ಹಾಕ್ತಿದ್ದೆ, ನೋಡುಗರೊಬ್ರು ಕತ್ತಿ ಅದ್ದಿ ನೋಡು ಅಂದ್ರು, ಈಗ ಕತ್ತಿ ನೋಡಿ ಸುಣ್ಣ ನಿಲ್ಲಿಸ್ತೀನಿ.

ಇನ್ನೊಂದು ಪ್ರಶ್ನೆ, ಇದನ್ನ ತೋರ್ಸೋಕೆ ಆಗುತ್ತಾ? ಕ್ಯಾಮೆರಾ ಮುಂದೆ ಹಿಡಿಯೋಕೆ ಒಂದು ವಸ್ತು ಬೇಕು. ಕತ್ತಿ ಇದೆ, ಬಣ್ಣ ಬದಲಾಗೋದು ಕಣ್ಣಿಗೆ ಕಾಣುತ್ತೆ, ಆಯ್ತು.

ಆಮೇಲೆ ದಯವಿಟ್ಟು ಸರಿ ಇದ್ಯಾ ಅಂತ ವಿಚಾರಿಸಿ. ಕಾಮೆಂಟಲ್ಲಿ ಬಂದಿದ್ದೆಲ್ಲ ನಿಜ ಅಲ್ಲ, ಮತ್ತೆ ಇದು ಥ್ಯಾಂಕ್ಸ್ ವಿಡಿಯೋ ಆಗಿರೋದ್ರಿಂದ ತಪ್ಪಿದ್ರೆ ಆ ಹಿರಿಯರ ಮೇಲೂ ಬರುತ್ತೆ. ಕೃಷಿ ವಿಷಯ ಆದ್ರೆ ನಮಗೆ ಹತ್ರದಲ್ಲೇ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ, ಒಂದು ಫೋನ್ ಹೊಡೆದು ಕೇಳೋಕೆ ಎಂತ ಕಷ್ಟ. ಕತ್ತಿ ಪರೀಕ್ಷೆ ಹಳೇದು, ಸರಿಯಾದದ್ದು. ಸುಣ್ಣ ಸಾಲದೆ ಇದ್ರೆ ದ್ರಾವಣದಲ್ಲಿ ಮೈಲುತುತ್ತದ ತಾಮ್ರ ಸುಣ್ಣದ ಜೊತೆ ಸೇರದೆ ಬಿಡಿಯಾಗಿ ಉಳಿಯುತ್ತೆ, ಹೊಳೆಯೋ ಕಬ್ಬಿಣ ಅದ್ದಿದ್ರೆ ಆ ತಾಮ್ರ ಕಬ್ಬಿಣದ ಮೇಲೆ ಕೆಂಪಗೆ ಕೂತ್ಕೊಳ್ಳುತ್ತೆ. ಅದೇ ತಾಮ್ರ ಗಿಡಕ್ಕೆ ಬಿದ್ರೆ ಸುಡುತ್ತೆ. ಇನ್ನು 1 ಕೆಜಿ ಸುಣ್ಣ ಯಾಕೆ ಒಬ್ರಿಗೆ ಸರಿ ಹೋಗಿ ಇನ್ನೊಬ್ರಿಗೆ ಸಾಲಲ್ಲ ಅಂದ್ರೆ, ಸುಣ್ಣ ಗಾಳಿಗೆ ಬಿದ್ದು ಕೂತಷ್ಟೂ ಅದರ ಶಕ್ತಿ ಕಮ್ಮಿ ಆಗುತ್ತೆ, ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರ್ಕೊಂಡು ಬರೀ ಸೀಮೆಸುಣ್ಣದಂಥ ಪುಡಿ ಆಗ್ತಾ ಹೋಗುತ್ತೆ, ನಮ್ಮ ಮಳೆಗಾಲದ ಥಂಡೀಲಿ ಚೀಲ ಬಿಚ್ಚಿಟ್ರೆ ಇನ್ನೂ ಬೇಗ. ತೂಗಿದ್ರೆ 1 ಕೆಜಿನೇ ಇರುತ್ತೆ, ಅದರಲ್ಲಿ ಕೆಲಸ ಮಾಡೋ ಸುಣ್ಣ ಅಷ್ಟಿರಲ್ಲ. "ಸುಣ್ಣ ಎಷ್ಟು" ಅನ್ನೋ ಸಾಲು ಪ್ರಶ್ನೆಗೆ ಕಾರಣ ಇದೇ, ಇದನ್ನ ಹೇಳಿದ್ರೆ ಕೇಳಿದ ಅಷ್ಟೂ ಜನಕ್ಕೆ ಒಟ್ಟಿಗೆ ಉತ್ತರ ಕೊಟ್ಟಂಗಾಯ್ತು.

ಮಾತು ಬರ್ಕೊಳ್ಳೋದು

ಮೂರರಿಂದ ನಾಕು ನಿಮಿಷ ಸಾಕು. ಪೂರ್ತಿ ಬರ್ಕೊಂಡು ಓದ್ಬೇಡಿ, ಆದ್ರೆ ಮೊದಲ ಮೂರು ವಾಕ್ಯ, ಕೊನೆ ಎರಡು ವಾಕ್ಯ ಅಕ್ಷರಶಃ ಬರ್ಕೊಳ್ಳಿ, ಎಲ್ಲರೂ ತಡವರಿಸೋದು ಅಲ್ಲೇ.

ಶುರು "ಎಲ್ರಿಗೂ ನಮಸ್ಕಾರ, ಇವತ್ತು ತುಂಬಾ ಖುಷಿಯ ದಿನ" ಅಂತ ಬೇಡ. ಹೀಗೆ ಮಾಡಿ: ಕತ್ತಿ ದ್ರಾವಣದಿಂದ ಮೇಲೆ ಬರುತ್ತೆ, ಅಲಗು ಕೆಂಪಗಾಗಿದೆ, ಹುಡುಗ ಹೇಳ್ತಾನೆ:

"ಈ ಕತ್ತಿ ನೋಡಿ, ಕೆಂಪಾಗಿದೆ. ಈ ದ್ರಾವಣ ಹಿಂಗೇ ಹೊಡೆದ್ರೆ ಎಳೇ ಗೊನೆ ಸುಡುತ್ತೆ. ಇದನ್ನ ನೋಡೋದು ಹೇಗೆ ಅಂತ ನಂಗೆ ಹೇಳ್ಕೊಟ್ಟಿದ್ದು ನಿಮ್ಮಲ್ಲೇ ಒಬ್ರು."

ಮುಗೀತು, ಹದಿನೈದು ಸೆಕೆಂಡು. ಚಾನೆಲ್ ಯಾರದು ಅಂತ ಗೊತ್ತಿಲ್ಲದವರೂ ಕೂತ್ಕೋತಾರೆ. ನಂಬರ್ ಇದಾದ ಮೇಲೆ ಬರ್ಲಿ, ಒಂದೇ ವಾಕ್ಯದಲ್ಲಿ: "ಈ ತಿಂಗಳು ನಾವು ಹತ್ತು ಸಾವಿರ ಜನ ಆದ್ವಿ, ಅದಕ್ಕೆ ಥ್ಯಾಂಕ್ಸ್ ಹೇಳೋಕೆ ಈ ಒಂದು ವಿಷಯ ತಂದಿದೀನಿ." ಅಲ್ಲಿಗೆ ನಂಬರ್ ಕತೆ ಬಂದ್. ವ್ಯೂಸ್ ಎಷ್ಟು, ವಾಚ್ ಅವರ್ ಎಷ್ಟು, ಯೂಟ್ಯೂಬಿಂದ ಎಷ್ಟು ಬಂತು, ಇವು ಬೇಕು ಅಂದ್ರೆ ಬೇರೆ ವಿಡಿಯೋ ಮಾಡಿ, ಇಲ್ಲಿ ತಂದ್ರೆ ಕಾಮೆಂಟೆಲ್ಲ ದುಡ್ಡಿನ ಮೇಲೇ ಹೋಗುತ್ತೆ, ಕತ್ತಿ ಯಾರಿಗೂ ನೆನಪಿರಲ್ಲ.

ಆಮೇಲೆ ಸುಮಾರು ಅರ್ಧ ನಿಮಿಷ ಆ ಕಾಮೆಂಟ್ ಬಗ್ಗೆ. ಏನು ಬರ್ದಿದ್ರು ಅಂತ ಅವರ ಮಾತಲ್ಲೇ ಓದಿ. "ನಿಮ್ಮೆಲ್ಲರ ಸಲಹೆ ಸೂಚನೆಗಳಿಂದ" ಅಂತ ಒಟ್ಟಾರೆ ಹೇಳಿದ್ರೆ ಯಾರಿಗೂ ತಾಗಲ್ಲ, ಒಬ್ರ ಮಾತು ಓದಿದ್ರೆ ಮಿಕ್ಕವರಿಗೂ ನಾವು ಬರ್ದಿದ್ದನ್ನ ಇವ್ನು ಓದ್ತಾನೆ ಅಂತ ಗೊತ್ತಾಗುತ್ತೆ.

ಮಿಕ್ಕ ಎರಡು ನಿಮಿಷ ಪೂರ್ತಿ ಕೆಲಸ. ಒಂದು ಪ್ಲಾಸ್ಟಿಕ್ ಡ್ರಮ್ಮಲ್ಲಿ 50 ಲೀಟರ್ ನೀರಿಗೆ ಮೈಲುತುತ್ತ ಕರಗಿಸೋದು, ಇನ್ನೊಂದರಲ್ಲಿ 50 ಲೀಟರ್‌ಗೆ ಸುಣ್ಣ ಕದಡೋದು, ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಕದಡ್ತಾ ಹಾಕೋದು, ತುಕ್ಕು ತಿಕ್ಕಿ ಹೊಳಪು ಮಾಡಿದ ಕತ್ತಿ ಒಂದು ನಿಮಿಷ ಅದ್ದಿ ತೆಗೆಯೋದು. ಕೆಂಪಾಯ್ತು, ಇನ್ನೊಂಚೂರು ಕದಡಿದ ಸುಣ್ಣದ ನೀರು, ಮತ್ತೆ ತಿಕ್ಕಿದ ಕತ್ತಿ, ಈಗ ಕೆಂಪಿಲ್ಲ, ಸಾಕು. ಇಲ್ಲಿ ಒಂದು ತಂತ್ರ ಇದೆ, ಕೆಂಪಾಗೋದನ್ನ ತೋರ್ಸೋಕೆ ಬೇಕಂತಲೇ ಸುಣ್ಣ ಕಮ್ಮಿ ಹಾಕಿದ ಒಂದು ಸಣ್ಣ ಬಕೆಟ್ ಬೇರೆ ಮಾಡ್ಕೊಳ್ಳಿ, ಮತ್ತೆ ಹಾಗೆ ಮಾಡಿದೀನಿ ಅಂತ ವಿಡಿಯೋದಲ್ಲೇ ಹೇಳಿ. ತೋರ್ಸೋಕೆ ಮಾಡಿದ್ದನ್ನ ನಿಜಕ್ಕೂ ಆಗಿದ್ದು ಅನ್ನೋ ಥರ ತೋರ್ಸಿದ್ರೆ ತೋಟದವ್ರು ಕಂಡುಹಿಡೀತಾರೆ, ಅವ್ರಿಗೆ ದ್ರಾವಣದ ಬಣ್ಣ ನೋಡಿದ್ರೇ ಗೊತ್ತಾಗುತ್ತೆ ಮಾರಾಯ್ರೆ.

ಕೊನೆಗೆ ಹುಡುಗ ಹೇಳ್ಬೇಕಾದ್ದು: "ಈ ಸಲ ಔಷಧಿ ಹೊಡೆಯೋ ಮುಂಚೆ ಕತ್ತಿ ಅದ್ದಿ ನೋಡಿ. ನಿಮ್ಮ ಸುಣ್ಣಕ್ಕೆ ಎಷ್ಟು ಹಿಡೀತು ಅಂತ ಕೆಳಗೆ ಬರೀರಿ." ಲೈಕ್ ಶೇರ್ ಸಬ್‌ಸ್ಕ್ರೈಬ್ ಬೇಡ, ಸಬ್‌ಸ್ಕ್ರೈಬ್ ಆದವ್ರಿಗೆ ಥ್ಯಾಂಕ್ಸ್ ಹೇಳ್ತಿರೋ ವಿಡಿಯೋ ಇದು.

ಕೇಳಿ ಹಾಕಿ

ಕಾಮೆಂಟ್ ಎಲ್ರಿಗೂ ಕಾಣೋದೇ ಆದ್ರೂ ಅದರ ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ಹಾಕೋದು ಬೇರೆ. ಆ ಕಾಮೆಂಟ್‌ಗೆ ರಿಪ್ಲೈ ಮಾಡಿ, ನಿಮ್ಮ ಮಾತು ವಿಡಿಯೋದಲ್ಲಿ ಓದ್ಲಾ, ಹೆಸರು ಹೇಳ್ಲಾ ಬೇಡ್ವಾ ಅಂತ ಕೇಳಿ ಒಂದು ವಾರ ಕಾಯಿರಿ. ಉತ್ತರ ಬರ್ಲಿಲ್ಲ ಅಂದ್ರೆ ಮಾತು ಓದಿ, ಹೆಸರು ಫೋಟೋ ಮರೆಮಾಡಿ. ನಮ್ಮ ಕಡೆ ಹಿರಿಯರು ಕೆಲವರಿಗೆ ಹೆಸರು ಬಂದ್ರೆ ಮುಜುಗರ, ಕೆಲವರಿಗೆ ಬರ್ಲಿಲ್ಲ ಅಂದ್ರೆ ಬೇಜಾರು, ಕೇಳದೆ ಗೊತ್ತಾಗಲ್ಲ. ನೋಡುಗರು ವಾಟ್ಸಾಪಲ್ಲಿ ಕಳಿಸಿದ ತೋಟದ ಫೋಟೋಗೂ ಇದೇ.

ಶೂಟಿಂಗು, ಮಲೆನಾಡ ಮಳೇಲಿ

ಬೋರ್ಡೋ ಮಳೆಗಾಲದ ಕೆಲಸ, ಮಳೆ ಹಿಡಿಯೋ ಮೊದಲು ಒಂದ್ಸಲ, ಮತ್ತೆ 40–45 ದಿನಕ್ಕೆ ಇನ್ನೊಂದ್ಸಲ. ಹಾಗಾಗಿ ಶೂಟಿಂಗೂ ಮೋಡ ಮಳೆ ಮಧ್ಯಾನೇ ಆಗೋದು, ಇಲ್ಲಿ ಕೆಡೋದು ಜಾಸ್ತಿ ಸೌಂಡು. ತಗಡಿನ ಮಾಡಿನ ಕೆಳಗೆ ಮಳೆ ಬರುವಾಗ ಮಾತಾಡಿದ್ದನ್ನ ಆಪಲ್ಲಿ ಪೂರ್ತಿ ಸರಿ ಮಾಡೋದು ಕಷ್ಟ, ಮಳೆ ಸದ್ದು ಮಾತಿನ ಸದ್ದಿನ ಜಾಗದಲ್ಲೇ ಹರಡ್ಕೊಂಡಿರುತ್ತೆ, ಅದನ್ನ ತೆಗೆಯೋಕೆ ಹೋದ್ರೆ ದನಿ ನೀರೊಳಗಿಂದ ಬಂದಂಗೆ ಆಗುತ್ತೆ. ಅದಕ್ಕೆ ಕೆಲಸದ ದೃಶ್ಯ ಕೊಟ್ಟಿಗೆ ಹತ್ರ ತೆಗೀರಿ, ಮಾತು ಬೇರೆ ರೆಕಾರ್ಡ್ ಮಾಡಿ, ಮನೆಯೊಳಗೆ ಬಟ್ಟೆ ಕಂಬಳಿ ತುಂಬಿರೋ ಕೋಣೇಲಿ, ಮೈಕು ಗಲ್ಲದಿಂದ ಒಂದು ಗೇಣು ಕೆಳಗೆ. ಮುಖ ತೋರ್ಸೋದು ಮೊದಲ ಮೂರು ವಾಕ್ಯಕ್ಕೆ, ಕೊನೆ ಎರಡಕ್ಕೆ ಮಾತ್ರ ಇದ್ರೂ ನಡೆಯುತ್ತೆ, ಅಷ್ಟನ್ನ ಮಳೆ ಬಿಟ್ಟಾಗ ತೆಗೆದ್ರಾಯ್ತು.

ತೋಟದೊಳಗೆ ಬೆಳಕು ಚುಕ್ಕಿ ಚುಕ್ಕಿ ಬೀಳುತ್ತೆ, ಮೊಬೈಲು ಒಂದ್ಸಲ ಬೆಳ್ಳಗೆ ಒಂದ್ಸಲ ಕಪ್ಪಗೆ ಮಾಡ್ತಾ ಇರುತ್ತೆ. ಸ್ಕ್ರೀನಲ್ಲಿ ಕತ್ತಿ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ಸು, ಬೆಳಕು ಲಾಕ್ ಮಾಡ್ಕೊಳ್ಳಿ. ಕತ್ತಿ ಕೆಂಪಾಗೋದೇ ಇಡೀ ವಿಡಿಯೋದ ಜೀವ, ಅದರ ಬಣ್ಣ ಸರಿಯಾಗಿ ಬರ್ಬೇಕು ಅಂದ್ರೆ ಮೋಡ ಇರೋ ಬಯಲಿನ ಬೆಳಕೇ ಒಳ್ಳೇದು, ನೀಲಿ ಟಾರ್ಪಾಲಿನ ಕೆಳಗೆ ತೆಗೆದ್ರೆ ಕೆಂಪು ಕಂದಾಗಿ ಕಾಣುತ್ತೆ. ಟ್ಯೂಬ್‌ಲೈಟ್ ಕೆಳಗೆ ತೆಗೀಬೇಕಾಗಿ ಬಂದು ಸ್ಕ್ರೀನಲ್ಲಿ ಪಟ್ಟೆ ಓಡಿದ್ರೆ, ನಮ್ಮ ಕರೆಂಟು 50 ಹರ್ಟ್ಸ್ ಆಗಿರೋದ್ರಿಂದ ಪ್ರೊ ಮೋಡಲ್ಲಿ ಶಟರ್ 1/50 ಇಲ್ಲ 1/100 ಮಾಡಿ, ನಿಲ್ಲುತ್ತೆ. ಸುಣ್ಣ ಕಲಸೋವಾಗ ಕಣ್ಣಿಗೆ ಹಾರ್ದಂಗೆ ಕನ್ನಡಕ ಹಾಕ್ಕೊಳ್ಳಿ, ಕ್ಯಾಮೆರಾ ಮುಂದೆ ಹಾಕ್ಕೊಂಡ್ರೆ ನೋಡೋರೂ ಹಾಕ್ಕೋತಾರೆ.

ಎಡಿಟು, ಹೆಸರು

ಮ್ಯೂಸಿಕ್ ಶುರುವಲ್ಲಿ ಬೇಡ, ಕತ್ತಿ ಅದ್ದಿ ಕಾಯೋ ಜಾಗದಲ್ಲಿ ಅಂತೂ ಬೇಡವೇ ಬೇಡ. ಆ ಒಂದು ನಿಮಿಷನ ಹತ್ತು ಸೆಕೆಂಡಿಗೆ ಕತ್ತರಿಸಿ, ಸ್ಕ್ರೀನ್ ಮೇಲೆ ಒಂದು ನಿಮಿಷ ಆದ್ಮೇಲೆ ಅಂತ ಬರೀರಿ, ಇಲ್ಲಾಂದ್ರೆ ಜನ ಹತ್ತೇ ಸೆಕೆಂಡ್ ಅದ್ದಿ ಕೆಂಪಾಗ್ಲಿಲ್ಲ ಅಂತ ಹೊಡೆದುಬಿಡ್ತಾರೆ. ಕೊನೇಲಿ ಬೇರೆ ವಿಡಿಯೋ ತೋರ್ಸೋ ಎಂಡ್ ಸ್ಕ್ರೀನ್ 5ರಿಂದ 20 ಸೆಕೆಂಡ್ ಇಡಬಹುದು, ಅಲ್ಲಿ ಹಳೇ ಬೋರ್ಡೋ ವಿಡಿಯೋ ಹಾಕಿ, ಆ ಹೊತ್ತಲ್ಲಿ ಮುಖ್ಯ ಮಾತು ಇರದಂಗೆ ನೋಡ್ಕೊಳ್ಳಿ.

ಟೈಟಲ್ "10ಕೆ ಸ್ಪೆಷಲ್" ಅಂತ ಇಟ್ರೆ ಮುಂದಿನ ಮಳೆಗಾಲಕ್ಕೆ ಯಾರೂ ಹುಡುಕಲ್ಲ. "ಬೋರ್ಡೋಗೆ ಸುಣ್ಣ ಸಾಕಾ? ಕತ್ತಿ ಅದ್ದಿ ನೋಡಿ" ಅಂತ ಇಡಿ, ಹತ್ತು ಸಾವಿರದ ವಿಷಯ ಡಿಸ್ಕ್ರಿಪ್ಷನ್‌ನಲ್ಲಿ ಇರ್ಲಿ. ಥಂಬ್‌ನೇಲ್‌ಗೆ ಅರ್ಧ ಕೆಂಪಾದ ಕತ್ತಿ ಸಾಕು, ಕೈಮುಗಿದ ಫೋಟೋ ಬೇಡ.

ಹಾಕೋ ಮುಂಚೆ ಅನ್‌ಲಿಸ್ಟೆಡ್ ಅಂತ ಅಪ್‌ಲೋಡ್ ಮಾಡಿ ಲಿಂಕನ್ನ ಇಬ್ರಿಗೆ ಕಳಿಸಿ, ಒಬ್ರು ತೋಟದವ್ರು, ಇನ್ನೊಬ್ರು ಅಡಿಕೆ ಮರ ಹತ್ರದಿಂದ ನೋಡದವ್ರು. ಹೇಗಿದೆ ಅಂತ ಕೇಳ್ಬೇಡಿ, ಚೆನ್ನಾಗಿದೆ ಅಂತಾರೆ ಅಷ್ಟೆ. "ಇದ್ರಲ್ಲಿ ಏನು ಮಾಡು ಅಂತ ಹೇಳ್ತಿದೀನಿ" ಅಂತ ಕೇಳಿ. ಇಬ್ರೂ "ಕತ್ತಿ ಅದ್ದಿ ನೋಡು ಅಂತ" ಅಂದ್ರೆ ಪಬ್ಲಿಕ್ ಮಾಡಿ. ಒಬ್ರು "ನಿನಗೆ ಹತ್ತು ಸಾವಿರ ಆಯ್ತು ಅಂತ" ಅಂದ್ರೂ ವಾಪಸ್ ಎಡಿಟಿಗೆ ಬನ್ನಿ, ನಂಬರಿನ ಮಾತು ಎಲ್ಲೋ ಉದ್ದ ಆಗಿದೆ.

ಹಾಕಿದ ಮೇಲೆ ನೋಡ್ಬೇಕಾದ್ದು

ಕಂಗ್ರಾಟ್ಸ್ ಬ್ರೋ ಅಂತ ಬರೋದು ಬಂದೇ ಬರುತ್ತೆ, ಅದನ್ನ ಲೆಕ್ಕಕ್ಕೆ ತಗೋಬೇಡಿ. "ನಂಗೆ ಒಂದೂಕಾಲು ಕೆಜಿ ಹಿಡೀತು", "ನಮ್ಮ ಹಳೇ ಸುಣ್ಣ ಎಷ್ಟು ಹಾಕಿದ್ರೂ ಕೆಂಪೇ ಬರ್ತಿದೆ", ಈ ಥರ ಬಂದ್ರೆ ಜನ ಮಾಡಿ ನೋಡಿದಾರೆ ಅಂತ. ಎರಡನೇ ಥರದವ್ರಿಗೆ ಅವತ್ತೇ ಉತ್ತರ ಕೊಡಿ, ಆ ಚೀಲ ಬಿಟ್ಟು ಹೊಸ ಸುಣ್ಣ ತಗೊಳ್ಳಿ ಅಂತ, ಯಾಕಂದ್ರೆ ಬೋರ್ಡೋ ಮಾಡಿದ ದಿನವೇ ಹೊಡೀಬೇಕು, ಅವ್ರು ಡ್ರಮ್ ತುಂಬ್ಸಿ ಇಟ್ಕೊಂಡು ನಿಮ್ಮ ಉತ್ತರಕ್ಕೆ ಕಾಯ್ತಿರ್ತಾರೆ. ಹಿರಿಯರ ಮೂಲ ಕಾಮೆಂಟ್ ಹಳೇ ವಿಡಿಯೋದ ಕೆಳಗೆ ಇದೆಯಲ್ಲ, ಅದನ್ನ ಅಲ್ಲಿ ಪಿನ್ ಮಾಡಿ, ಹಳೇ ವಿಡಿಯೋದ ಡಿಸ್ಕ್ರಿಪ್ಷನ್‌ನ ಮೊದಲ ಸಾಲಿಗೇ ಹೊಸದರ ಲಿಂಕ್ ಹಾಕಿ, ಸುಣ್ಣ ಎಷ್ಟು ಅಂತ ಕೇಳೋರು ಇನ್ನೂ ಬರ್ತಾ ಇರೋದು ಅಲ್ಲಿಗೇ.